ಒಂದೇ ಇಂಟಿಗ್ರಲ್‌ಗೆ ಮೂರು ಉತ್ತರ: 0, 314.159, 50√2π. ಎಲ್ಲಿ ತಪ್ಪಿದೆ?

ಮಲ್ಲಿಗೆಮೊಗ್ಗು

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ ಸೈನ್ಸ್, ಸಿಇಟಿಗೂ ಓದ್ತಾ ಇದ್ದೀನಿ. ಮೂರು ದಿನದಿಂದ ಒಂದು ಲೆಕ್ಕ ತಲೆಯಿಂದ ಇಳಿಯುತ್ತಿಲ್ಲ.

∫[0, 100π] dx / (1 + sin²x)

ಮೇಲೆ ಕೆಳಗೆ cos²x ನಿಂದ ಭಾಗಿಸಿದೆ. ಆಗ sec²x / (1 + 2tan²x) ಆಯ್ತು. tan x = t ಅಂತ ಹಾಕಿದ್ರೆ ಸಲೀಸಾಗಿ ಇಂಟಿಗ್ರೇಟ್ ಆಗುತ್ತೆ:

F(x) = (1/√2) tan⁻¹(√2 tan x)

ಈಗ ಲಿಮಿಟ್ ಹಾಕಬೇಕು. tan 100π = 0, tan 0 = 0. ಹಾಗಾಗಿ ಉತ್ತರ 0. ನೋಟ್ಸ್ ಹಿಂದಿರೋ ಕೀನಲ್ಲಿ 50√2π ಅಂತ ಇದೆ. ಕೀ ತಪ್ಪಿರಬಹುದು ಅಂತ ಅಣ್ಣನ ಲ್ಯಾಪ್‌ಟಾಪಿನಲ್ಲಿ ಟ್ರೆಪೆಜಾಯ್ಡಲ್ ರೂಲ್ ಹಾಕಿ ನೋಡಿದೆ, ನೂರು ಭಾಗ ಮಾಡಿ:

```python
import numpy as np
x = np.linspace(0, 100*np.pi, 101)
y = 1/(1 + np.sin(x)**2)
h = x[1] - x[0]
print(h*(y.sum() - (y[0] + y[-1])/2))
```

314.159 ಬಂತು. ಅಂದ್ರೆ 100π. ಕೀ ಪ್ರಕಾರ 222.144 ಬರಬೇಕಿತ್ತು. ನನ್ನ ಉತ್ತರ ಸೊನ್ನೆ. ಮೂರರಲ್ಲಿ ಯಾವುದನ್ನ ನಂಬಲಿ? ಹಂತಗಳನ್ನ ಐದಾರು ಸಲ ನೋಡಿದೆ, ಒಂದು ಸಾಲೂ ತಪ್ಪು ಅನ್ನಿಸಲಿಲ್ಲ.

ನೇರದಾರಿ

ಇದು ಬಹಳ ಸುಲಭ. ಪೀರಿಯಾಡಿಕ್ ಫಂಕ್ಷನ್ ಬಂದ ಕೂಡಲೇ ದೊಡ್ಡ ಲಿಮಿಟ್ ಇಟ್ಟುಕೊಂಡು ಒದ್ದಾಡಬಾರದು. sin(x + π) = −sin x, ವರ್ಗ ಮಾಡಿದರೆ ಮೈನಸ್ ಹೋಗುತ್ತೆ, ಹಾಗಾಗಿ ಈ ಫಂಕ್ಷನ್‌ನ ಪೀರಿಯಡ್ π. 0 ಯಿಂದ 100π ಅಂದ್ರೆ ನೂರು ಪೀರಿಯಡ್. ಒಂದು ಪೀರಿಯಡ್‌ಗೆ ಕಂಡುಹಿಡಿದು ನೂರರಿಂದ ಗುಣಿಸಿ. ಸೂತ್ರ ಹೀಗೆ ನೆನಪಿಟ್ಕೊಳ್ಳಿ: ಪೀರಿಯಡ್ T ಇದ್ದರೆ

∫[a, b] f dx = ((b − a)/T) × ∫[0, T] f dx

ಉದ್ದವನ್ನ T ಯಿಂದ ಭಾಗಿಸಿ, ಒಂದು ಪೀರಿಯಡ್‌ನ ಬೆಲೆಯಿಂದ ಗುಣಿಸಿದರೆ ಮುಗೀತು.

ಮಲ್ಲಿಗೆಮೊಗ್ಗು

ಅದನ್ನೂ ಮಾಡಿದೆ ಸರ್. 0 ಯಿಂದ π ಗೆ ಹಾಕಿದರೂ tan π = 0, tan 0 = 0. ಮತ್ತೆ ಸೊನ್ನೆ. ನೂರು ಸಲ ಸೊನ್ನೆ ಅಂದ್ರೂ ಸೊನ್ನೇನೇ ಅಲ್ವಾ?

ಶಾಲ್ಮಲೆ ದಂಡೆ

ನಾನು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ನೋಡಮ್ಮ, ನಿನ್ನ ಹಂತಗಳನ್ನು ಆಮೇಲೆ ನೋಡೋಣ. ಮೊದಲು ಉತ್ತರ ಎಷ್ಟರಿಂದ ಎಷ್ಟರೊಳಗೆ ಇರಲು ಸಾಧ್ಯ ಅಂತ ಕೇಳಿಕೊ. sin²x ಬೆಲೆ 0 ಯಿಂದ 1. ಹಾಗಾಗಿ 1/(1 + sin²x) ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ, ಒಂದಕ್ಕಿಂತ ಮೇಲೆ ಏರುವುದಿಲ್ಲ. ಅಗಲ 100π, ಅಂದರೆ 314.159. ಆದ್ದರಿಂದ ಉತ್ತರ 157.08 ಮತ್ತು 314.159ರ ನಡುವೆ ಬೀಳಲೇಬೇಕು. ಸೊನ್ನೆ ಅಲ್ಲಿಗೇ ಹೋಯಿತು. 314.159 ಬರಬೇಕಾದರೆ ಫಂಕ್ಷನ್ ಎಲ್ಲೆಡೆ 1 ಆಗಿರಬೇಕು, ಅದೂ ಅಲ್ಲ. ಪೆನ್ನು ಹಿಡಿಯದೆ ಎರಡು ಉತ್ತರ ಕಳಚಿದವು. ಕೀಯ 222.144 ಒಂದೇ ಉಳಿಯಿತು.

ಈಗ ಸೊನ್ನೆ ಎಲ್ಲಿಂದ ಬಂತು ಅಂತ ನೋಡು. ನಿನ್ನ F(x) ಅನ್ನು 0 ಯಿಂದ π ವರೆಗೆ ನಿಧಾನವಾಗಿ ನಡೆಸಿಕೊಂಡು ಹೋಗು. x, π/2ರ ಹತ್ತಿರ ಬಂದಂತೆ tan x ಅನಂತಕ್ಕೆ ಏರುತ್ತದೆ, F ನ ಬೆಲೆ π/(2√2) ಹತ್ತಿರಕ್ಕೆ ಹೋಗುತ್ತದೆ. π/2 ದಾಟಿದ ಕ್ಷಣ tan x ಋಣ ಅನಂತದಿಂದ ಶುರು. F ಧುಪ್ಪನೆ −π/(2√2)ಗೆ ಬೀಳುತ್ತದೆ. ಅಲ್ಲಿಂದ ಮತ್ತೆ ಏರುತ್ತಾ π ಹತ್ತಿರ ಸೊನ್ನೆಗೆ ಬರುತ್ತದೆ. ಮೂಲ ಫಂಕ್ಷನ್ ಯಾವಾಗಲೂ ಧನ, ಅದರ ಕೆಳಗಿನ ಕ್ಷೇತ್ರಫಲ ಏರುತ್ತಲೇ ಇರಬೇಕು. ನಿನ್ನ F ನಡುವೆ ಬಿದ್ದಿದೆ. F(b) − F(a) ಅನ್ನಬೇಕಾದರೆ ನಡುವೆ F ಎಲ್ಲೂ ಕಡಿದುಹೋಗಬಾರದು ಅನ್ನುವ ಷರತ್ತು ಇದೆಯಲ್ಲ, ಅದು ಇಲ್ಲಿ ಮುರಿದಿದೆ.

ಬಿದ್ದ ಎತ್ತರ ಎಷ್ಟು? π/(2√2) + π/(2√2) = π/√2. 0 ಯಿಂದ 100π ವರೆಗೆ ಇಂಥ ಬೀಳು ಎಷ್ಟು ಸಲ? π/2, 3π/2, 5π/2, ಹೀಗೆ ಸರಿಯಾಗಿ ನೂರು. ಕಳೆದುಹೋದದ್ದನ್ನೆಲ್ಲ ಕೂಡಿಸಿಕೊ: 100 × π/√2 = 50√2π. ನಿನ್ನ ಸೊನ್ನೆಗೂ ಕೀಗೂ ಇರುವ ವ್ಯತ್ಯಾಸ ಆ ನೂರು ಬೀಳುಗಳಷ್ಟೇ.

ಅಂಚು ಸೆರಗು

ಮೇಷ್ಟ್ರು ಹೇಳಿದ ಮೇಲೆ ನಾನು ಹೇಳೋದು ಸ್ವಲ್ಪವೇ. ನಾನು ಬಿಎಸ್ಸಿ ಮ್ಯಾಥ್ಸ್ ಓದಿ, ಈಗ ಮನೆಯಲ್ಲಿ ಟ್ಯೂಷನ್ ಜೊತೆಗೆ ಸೀರೆಗೆ ಕುಚ್ಚು, ಅಂಚು ಹಾಕ್ತೀನಿ. ಮಕ್ಕಳಿಗೆ ಇದನ್ನ ಸೀರೆ ಅಂಚು ಇಟ್ಟುಕೊಂಡೇ ತೋರಿಸ್ತೀನಿ.

ಜರಿ ಅಂಚಿನಲ್ಲಿ ಒಂದು ಹೂವು, ಒಂದು ಎಲೆ, ಮತ್ತೆ ಹೂವು, ಎಲೆ ಅಂತ ಒಂದೇ ವಿನ್ಯಾಸ ಮರುಕಳಿಸುತ್ತಿರುತ್ತೆ. ಒಂದು ವಿನ್ಯಾಸದ ಉದ್ದ ನಾಲ್ಕು ಇಂಚು ಅನ್ಕೊಳ್ಳಿ. ಹೂವಿನ ಶುರುವಿನಿಂದ ನಾಲ್ಕು ಇಂಚು ಕತ್ತರಿಸಿದರೂ, ಎಲೆಯ ಮಧ್ಯದಿಂದ ನಾಲ್ಕು ಇಂಚು ಕತ್ತರಿಸಿದರೂ ತುಂಡಿನಲ್ಲಿರುವ ಜರಿ ಅಷ್ಟೇ. ಯಾಕೆಂದರೆ ಎಡಗಡೆ ಎಷ್ಟು ಬಿಟ್ಟೆವೋ ಅದೇ ಭಾಗ ಬಲಗಡೆ ಮುಂದಿನ ವಿನ್ಯಾಸದಿಂದ ಸೇರಿಕೊಳ್ಳುತ್ತೆ. ಗಣಿತದಲ್ಲಿ ಬರೆದರೆ ∫[a, a+T] f ನ ಬೆಲೆ a ಮೇಲೆ ನಿಲ್ಲೋದಿಲ್ಲ.

ಇದು ಬರೀ ನೂರರಿಂದ ಗುಣಿಸೋದಕ್ಕಲ್ಲ ಉಪಯೋಗಕ್ಕೆ ಬರೋದು. ಎಲ್ಲಿಂದ ಕತ್ತರಿಸಬೇಕು ಅನ್ನೋ ಸ್ವಾತಂತ್ರ್ಯ ನಮಗೆ ಸಿಗುತ್ತೆ. ಮಲ್ಲಿಗೆ, ನೀನು 0 ಯಿಂದ π ತಗೊಂಡೆ, ನಡುವೆ π/2 ಸಿಕ್ಕಿಹಾಕಿಕೊಂಡಿತು. ಅದರ ಬದಲು −π/2 ಯಿಂದ π/2 ತಗೋ. ಒಳಗೆ ಎಲ್ಲೂ tan ಕಡಿಯೋದಿಲ್ಲ. ಕಡಿಯೋ ಜಾಗಗಳೆರಡೂ ತುದಿಗೆ ಹೋದವು, ಅಲ್ಲಿ ಲಿಮಿಟ್ ತಗೊಂಡರೆ ಆಯ್ತು. π/(2√2) − (−π/(2√2)) = π/√2. ನೂರರಿಂದ ಗುಣಿಸು. ಅದೇ F, ಅದೇ ಸೂತ್ರ. ಕತ್ತರಿ ಇಟ್ಟ ಜಾಗ ಮಾತ್ರ ಬೇರೆ.

ಮಲ್ಲಿಗೆಮೊಗ್ಗು

ಅಯ್ಯೋ ಮೇಡಂ, ಈಗ ಬಂತು! −π/2 ಯಿಂದ ತಗೊಂಡು ಮಾಡಿದೆ, π/√2 ಸಿಕ್ತು. ಆದ್ರೆ ಕಂಪ್ಯೂಟರ್‌ಗೆ tan⁻¹ ಗೊತ್ತಿಲ್ಲ, ಅದು ಬರೀ ಬೆಲೆಗಳನ್ನ ಕೂಡಿಸಿದ್ದು. ಅದು ಯಾಕೆ ತಪ್ಪಿತು?

ಗಣಕರಂಗ

ನೀವು 0 ಯಿಂದ 100π ವರೆಗಿನ ಜಾಗವನ್ನ ನೂರು ಸಮಭಾಗ ಮಾಡಿದ್ದೀರಿ. ಒಂದೊಂದು ಭಾಗದ ಅಗಲ π. ಅಂದ್ರೆ ನೀವು ಫಂಕ್ಷನ್‌ನ ಬೆಲೆ ನೋಡಿದ್ದು 0, π, 2π, 3π ... ಇಲ್ಲಿ ಮಾತ್ರ. ಎಲ್ಲ ಕಡೆ sin ಸೊನ್ನೆ, ಬೆಲೆ 1. ಮೇಡಂ ಹೇಳಿದ ಅಂಚಿನಲ್ಲಿ ಪ್ರತಿ ನಾಲ್ಕು ಇಂಚಿಗೊಮ್ಮೆ ಕಣ್ಣು ಬಿಟ್ಟರೆ ಪ್ರತಿ ಸಲವೂ ಹೂವಿನ ಅದೇ ಎಸಳು ಕಾಣುತ್ತಲ್ಲ, ಹಾಗೆ. ಕಂಪ್ಯೂಟರ್‌ಗೆ ಇದು 1 ಅನ್ನೋ ಸ್ಥಿರ ಫಂಕ್ಷನ್ ಅಂತಲೇ ಕಂಡಿತು.

ನೂರೊಂದು ಬಿಂದು ಖರ್ಚು ಮಾಡಿ ತಪ್ಪಿದಿರಿ. ಒಂದೇ ಪೀರಿಯಡ್‌ಗೆ ಇಳಿಸಿ ನಾಲ್ಕೇ ಬಿಂದು ಇಟ್ಟರೆ ಏನಾಗುತ್ತೆ ನೋಡಿ, ಕೈಯಲ್ಲೇ ಮಾಡಬಹುದು. x = 0, π/4, π/2, 3π/4. sin²x ಕ್ರಮವಾಗಿ 0, 1/2, 1, 1/2. ಫಂಕ್ಷನ್ 1, 2/3, 1/2, 2/3. ಸರಾಸರಿ 0.70833. ನಿಜವಾದ ಸರಾಸರಿ 1/√2, ಅಂದರೆ 0.70711. ನಾಲ್ಕು ಬಿಂದುವಿಗೆ ಸಾವಿರಕ್ಕೆ ಎರಡರಷ್ಟೂ ತಪ್ಪಿಲ್ಲ. ಎಂಟು ಬಿಂದು ಇಡಿ:

```python
n = 8
x = np.arange(n)*np.pi/n
print(100*np.pi*np.mean(1/(1 + np.sin(x)**2)))
```

222.1445 ಬರುತ್ತೆ, ಸರಿಯಾದದ್ದು 222.1441. ಹದಿನಾರು ಇಟ್ಟರೆ ಪರದೆಯಲ್ಲಿ ಕಾಣುವ ಬಹುತೇಕ ಎಲ್ಲ ಅಂಕಿಗಳೂ ಹೊಂದುತ್ತವೆ. ನುಣುಪಾದ ಪೀರಿಯಾಡಿಕ್ ಫಂಕ್ಷನ್‌ನ ಪೂರ್ತಿ ಒಂದು ಪೀರಿಯಡ್ ಮೇಲೆ ಸಮದೂರದ ಬಿಂದುಗಳ ಸರಾಸರಿ ಇಷ್ಟು ಬೇಗ ಹತ್ತಿರವಾಗೋದು ನನಗೆ ಇವತ್ತಿಗೂ ಖುಷಿ ಕೊಡುತ್ತೆ. ಎಚ್ಚರಿಕೆ ಒಂದೇ: |sin x| ಥರ ಮೊನೆ ಇರುವ ಫಂಕ್ಷನ್‌ಗೆ ಇಷ್ಟು ವೇಗ ಸಿಗೋದಿಲ್ಲ.

ವೈಂಡಿಂಗ್ ಅಂಗಡಿ

ನಮಸ್ಕಾರ್ರಿ. 100π ಅಂದ್ರ ಗೊತ್ತಾತು, 50 ಹರ್ಟ್ಜ್ ಕರೆಂಟಿನ ಲೆಕ್ಕ. 2 × π × 50. ನಮ್ಮ ಲೈನಿಗೆ sin(100πt) ಅಂತ ಬರೀತಾರಲ್ಲ ಅದು. ಹಂಗಾದ್ರ ಪೀರಿಯಡ್ 20 ಮಿಲಿಸೆಕೆಂಡ್ ಅಲ್ಲೇನ್ರಿ? ನೀವೆಲ್ಲ π ಅಂತ ಯಾಕ ಅಂತೀರಿ?

ಅಂಚು ಸೆರಗು

ಅಣ್ಣಾ, ಇಲ್ಲಿ 100π ಬಂದಿರೋದು sin ಒಳಗೆ ಅಲ್ಲ, ಇಂಟಿಗ್ರಲ್‌ನ ಮೇಲಿನ ಲಿಮಿಟ್ ಆಗಿ. ಎಲ್ಲಿಯವರೆಗೆ ಕೂಡಿಸಬೇಕು ಅನ್ನೋ ಅಳತೆ ಅದು. ನೀವು ಹೇಳೋದು ಎಷ್ಟು ಬೇಗ ತಿರುಗುತ್ತೆ ಅನ್ನೋ ಅಳತೆ.

ವೈಂಡಿಂಗ್ ಅಂಗಡಿ

ಹೌದಲ್ಲ, ತಪ್ಪಾತ್ರಿ ಅಕ್ಕಾರ. ಆದ್ರೂ ನನ್ನದೂ ಒಂದು ತೊಂದರಿ ಇದಕ್ಕ ಹತ್ತಿದ್ದ ಐತಿ ಅನಸ್ತೈತಿ, ಕೇಳೇ ಬಿಡ್ತೀನಿ. ನಾ ಮೋಟಾರ್ ರಿವೈಂಡಿಂಗ್ ಮಾಡಾವ. ಅಂಗಡ್ಯಾಗ ವೋಲ್ಟೇಜ್ ತೋರಸಾಕ ಒಂದು ಆರ್ಡಿನೊ ಬೋರ್ಡಿನ ಮೀಟರ್ ಮಾಡೀನಿ. ವೋಲ್ಟೇಜ್ ಓದಿ, ವರ್ಗ ಮಾಡಿ, 25 ಮಿಲಿಸೆಕೆಂಡ್ ತನಕ ಕೂಡ್ಸಿ, ಸರಾಸರಿ ತಗದು ವರ್ಗಮೂಲ ತೋರಸ್ತೈತಿ. ಬಾಜೂಕ ಒಳ್ಳೆ ಮಲ್ಟಿಮೀಟರ್ ಇಟ್ರ ಅದು 230ರಾಗ ಅಲ್ಲಾಡದಂಗ ನಿಂತಿರತೈತಿ. ನಂದು ಮಾತ್ರ ಒಮ್ಮೆ 216, ಒಮ್ಮೆ 243, ಮತ್ತ 225. ವೈರ್ ಸಡ್ಲ ಐತೇನೋ ಅಂತ ಎಲ್ಲಾ ಬಿಚ್ಚಿ ಬೆಸಗಿ ಹಾಕಿದೆ. ಸೆನ್ಸಾರ್ ಬದಲಿ ಮಾಡಿದೆ. ಕುಣಿಯೂದು ನಿಲ್ಲವಲ್ದು.

ನೇರದಾರಿ

ನನ್ನ ಸೂತ್ರದ ಪ್ರಕಾರ ಇದು ಕುಣಿಯಬಾರದು. ವರ್ಗದ ಪೀರಿಯಡ್ 10 ಮಿಲಿಸೆಕೆಂಡ್. 25 ಅಂದ್ರೆ 2.5 ಪೀರಿಯಡ್. ಒಂದರ ಬೆಲೆಯನ್ನ 2.5ರಿಂದ ಗುಣಿಸಿ, 25ರಿಂದ ಭಾಗಿಸಿ. ಸರಾಸರಿ ಅದೇ ಬರಬೇಕು. ನಿಮ್ಮ ಸೆನ್ಸಾರ್‌ದೇ ತಪ್ಪಿರಬೇಕು.

ಶಾಲ್ಮಲೆ ದಂಡೆ

ಸೆನ್ಸಾರ್ ಪಾಪ ನಿರಪರಾಧಿ. ನೇರದಾರಿಯವರೇ, ನಿಮ್ಮ ಸೂತ್ರ (b − a)/T ಪೂರ್ಣಾಂಕವಾಗಿದ್ದಾಗ ಮಾತ್ರ ಯಾವಾಗಲೂ ಸರಿ. ನೂರು ಪೀರಿಯಡ್‌ಗೆ ಹೊಂದಿತು, 2.5ಕ್ಕೆ ಹೊಂದುವುದಿಲ್ಲ. ಅರ್ಧ ವಿನ್ಯಾಸ ಕತ್ತರಿಸಿದರೆ ಅರ್ಧ ಜರಿ ಬರುತ್ತದೆ ಅನ್ನುವ ಖಾತ್ರಿ ಇಲ್ಲವಲ್ಲ! ಹೂವಿನ ಭಾಗ ಬಂದರೆ ಹೆಚ್ಚು, ಎಲೆಯ ಭಾಗ ಬಂದರೆ ಕಡಿಮೆ.

ಮೊದಲು ಕಾಗದದ ಮೇಲೆ ಒಂದು ಉದಾಹರಣೆ. ∫[0, 100π + π/3] |sin x| dx. ಪೀರಿಯಡ್ π, ಒಂದು ಪೀರಿಯಡ್‌ನ ಬೆಲೆ 2. ನಿಮ್ಮ ಸೂತ್ರ 100⅓ × 2 = 200.667 ಕೊಡುತ್ತದೆ. ಸರಿಯಾದ ದಾರಿ ಇದು: ಪೂರ್ತಿ ನೂರು ಪೀರಿಯಡ್‌ಗೆ 200. ಉಳಿದ ತುಂಡು 100π ಯಿಂದ 100π + π/3. ಅದನ್ನು ಹಿಂದಕ್ಕೆ ಸರಿಸಿದರೆ 0 ಯಿಂದ π/3. ಅದರ ಬೆಲೆ 1 − cos(π/3) = 0.5. ಒಟ್ಟು 200.5. ಉಳಿದ ತುಂಡನ್ನು ಅನುಪಾತದಲ್ಲಿ ಹಂಚಬಾರದು, ಪ್ರತ್ಯೇಕವಾಗಿ ಇಂಟಿಗ್ರೇಟ್ ಮಾಡಲೇಬೇಕು.

ಈಗ ಅಂಗಡಿಯ ಮೀಟರ್‌ಗೆ ಬನ್ನಿ. sin²(100πt) ನ ಪೀರಿಯಡ್ 10 ಮಿಲಿಸೆಕೆಂಡ್, ಪ್ರತಿ ಪೀರಿಯಡ್‌ನ ಮೊತ್ತ 5. 25 ಮಿಲಿಸೆಕೆಂಡ್‌ನಲ್ಲಿ ಎರಡು ಪೂರ್ತಿ ಪೀರಿಯಡ್, ಅಲ್ಲಿಗೆ 10. ಉಳಿಯುವುದು 5 ಮಿಲಿಸೆಕೆಂಡ್‌ನ ಅರ್ಧ ತುಂಡು. ಅದು ಅಲೆಯ ನೆತ್ತಿಯ ಸುತ್ತ ಬಿದ್ದರೆ ಅದರ ಮೊತ್ತ 4.09, ಸೊನ್ನೆ ದಾಟುವ ಜಾಗದ ಸುತ್ತ ಬಿದ್ದರೆ 0.91. ಹಾಗಾಗಿ ಒಟ್ಟು ಮೊತ್ತ 10.91 ಯಿಂದ 14.09ರ ನಡುವೆ ಎಲ್ಲಿ ಬೇಕಾದರೂ ಬರಬಹುದು, ಬರಬೇಕಾದದ್ದು 12.5. ವರ್ಗಮೂಲ ತೆಗೆದು 230ಕ್ಕೆ ಹಚ್ಚಿದರೆ 215 ವೋಲ್ಟಿನಿಂದ 244 ವೋಲ್ಟ್. ನಿಮ್ಮ 216, 243, 225 ಮೂರೂ ಇದರೊಳಗೇ ಇವೆ.

ಒಂದು ಸಲ ಓದಿ ಮುಗಿಸಿ, ಪರದೆಗೆ ಬರೆದು, ಮತ್ತೆ ಓದಲು ಶುರುಮಾಡುವಷ್ಟರಲ್ಲಿ ಅಲೆ ಬೇರೆಲ್ಲೋ ಇರುತ್ತದೆ. ಅದಕ್ಕೇ ಪ್ರತಿ ಸಲ ಬೇರೆ ಸಂಖ್ಯೆ. 25 ಇರುವಲ್ಲಿ 20 ಮಾಡಿ ನೋಡಿ. ಎಲ್ಲಿಂದ ಶುರುವಾದರೂ ಮೊತ್ತ ಅಷ್ಟೇ ಬರಬೇಕು.

ನೇರದಾರಿ

ಒಪ್ಪಿದೆ ಸರ್. 200.5 ನಾನೂ ಮಾಡಿ ನೋಡಿದೆ. ಇಷ್ಟು ದಿನ ಆ ಸೂತ್ರವನ್ನ ಎಲ್ಲದಕ್ಕೂ ಬಳಸ್ತಿದ್ದೆ. ಪರೀಕ್ಷೆಯ ಲೆಕ್ಕಗಳಲ್ಲಿ ಪೂರ್ತಿ ಪೀರಿಯಡ್‌ಗಳೇ ಬರ್ತಿದ್ದರಿಂದ ಗೊತ್ತಾಗಿರಲಿಲ್ಲ. ಆದರೆ ಒಂದು ಮಾತು: ಉದ್ದ ಬಹಳ ದೊಡ್ಡದಿದ್ದರೆ ನನ್ನ ಸೂತ್ರ ಹತ್ತಿರ ಹತ್ತಿರ ಸರಿ ಬರುತ್ತೆ ಅಲ್ವಾ? 200.667ಕ್ಕೂ 200.5ಕ್ಕೂ ಅಂಥ ದೂರವೇನಿಲ್ಲ.

ಗಣಕರಂಗ

ಅದು ಸರಿ. ತಪ್ಪು ಬರೋದು ಉಳಿದ ಒಂದು ತುಂಡಿನಿಂದ ಮಾತ್ರ. ಪೀರಿಯಡ್ ನೂರಿರಲಿ ಲಕ್ಷವಿರಲಿ, ಆ ತುಂಡು ಒಂದು ಪೀರಿಯಡ್‌ಗಿಂತ ದೊಡ್ಡದಾಗೋದಿಲ್ಲ. ಸರಾಸರಿ ತೆಗೆಯುವಾಗ ಉದ್ದದಿಂದ ಭಾಗಿಸ್ತೀವಿ, ಹಾಗಾಗಿ ಉದ್ದ ಹತ್ತು ಪಟ್ಟು ಆದರೆ ತಪ್ಪು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಒಟ್ಟು ಮೊತ್ತದಲ್ಲಿ ಮಾತ್ರ ಆ ತಪ್ಪು ಹಾಗೇ ಉಳಿಯುತ್ತೆ. ಉತ್ತರ ಪತ್ರಿಕೆಯಲ್ಲಿ 200.667 ಬರೆದರೆ ತಪ್ಪು ತಪ್ಪೇ.

ಮೀಟರ್‌ಗೆ ಇದು ಮುಖ್ಯ, ಯಾಕೆಂದರೆ ಲೈನಿನ ಆವರ್ತನ ಸರಿಯಾಗಿ 50ರಲ್ಲಿ ನಿಲ್ಲೋದಿಲ್ಲ. 49.9 ಇದ್ದರೆ ಹತ್ತು ಸೈಕಲ್‌ಗೆ 200.4 ಮಿಲಿಸೆಕೆಂಡ್ ಬೇಕು. ನೀವು 200 ಇಟ್ಟಿದ್ದರೆ 0.4ರ ಚೂರು ಕೈಬಿಡುತ್ತೆ. ಅದರಿಂದ ಆಗುವ ತಪ್ಪು ಕಾಲು ವೋಲ್ಟಿಗಿಂತ ಕಡಿಮೆ. ವಿದ್ಯುತ್ ಗುಣಮಟ್ಟ ಅಳೆಯುವ IEC 61000-4-30 ಮಾನಕದಲ್ಲೂ 50 ಹರ್ಟ್ಜ್‌ಗೆ ಹತ್ತು ಸೈಕಲ್‌ಗಳ ಕಿಟಕಿಯನ್ನೇ ಇಟ್ಟಿದ್ದಾರೆ, ಅದೂ ಆವರ್ತನಕ್ಕೆ ಹೊಂದಿಸಿಕೊಂಡು. ಹಾಗಾಗಿ 20ರ ಬದಲು 200 ಮಾಡಿ ಅಣ್ಣ.

ವೈಂಡಿಂಗ್ ಅಂಗಡಿ

200 ಮಾಡಿದೆ ನೋಡ್ರಿ. 229.6, 230.1, 229.8. ನಿಂತು ಬಿಡ್ತು! ಎರಡು ತಿಂಗಳಿಂದ ವೈರ್ ಬೆಸಗಿ ಹಾಕಿದ್ದೇ ಹಾಕಿದ್ದು, ಒಂದು ಸಂಖ್ಯೆ ಬದಲಿ ಮಾಡೂದಿತ್ತು ಅಷ್ಟ.

ಇನ್ನೊಂದು ಕೇಳ್ತೀನಿ. ವರ್ಗದ ಪೀರಿಯಡ್ 10 ಅಂದ್ರಿ. ಹಂಗಾದ್ರ 10ರ ಕಿಟಕಿ, 30ರ ಕಿಟಕಿ ಇಟ್ರೂ ನಡೀತೈತೇನು?

ಶಾಲ್ಮಲೆ ದಂಡೆ

ಅಲೆ ಶುದ್ಧ ಸೈನ್ ಆಗಿದ್ದರೆ ನಡೆಯುತ್ತದೆ. ಮೇಲಿನ ಅರ್ಧ, ಕೆಳಗಿನ ಅರ್ಧ ಎರಡೂ ಒಂದೇ ಆಕಾರ ಇದ್ದಾಗ ಮಾತ್ರ ವರ್ಗ ಮಾಡಿದ ಮೇಲೆ ಪೀರಿಯಡ್ ಅರ್ಧಕ್ಕೆ ಇಳಿಯುತ್ತದೆ. ಲೈನಿನಲ್ಲಿ ಡಯೋಡ್ ಹಾಕಿ ಅರ್ಧ ಅಲೆ ಮಾತ್ರ ಎಳೆಯುವ ಉಪಕರಣ ಇದ್ದು, ನೀವು ಅದರ ಕರೆಂಟ್ ಅಳೆಯುತ್ತೀರಿ ಅಂತಿಟ್ಟುಕೊಳ್ಳಿ. 10 ಮಿಲಿಸೆಕೆಂಡ್ ಕರೆಂಟ್ ಇರುತ್ತದೆ, ಮುಂದಿನ 10 ಇರುವುದಿಲ್ಲ. ಅಲ್ಲಿ ವರ್ಗದ ಪೀರಿಯಡ್ ಮತ್ತೆ 20. 10ರ ಕಿಟಕಿ ಒಮ್ಮೆ ತುಂಬಿ ತೋರಿಸುತ್ತದೆ, ಒಮ್ಮೆ ಸೊನ್ನೆ ತೋರಿಸುತ್ತದೆ. ಅದಕ್ಕೇ ಮೊದಲೇ 20 ಎಂದೆ. ಪೀರಿಯಡ್ ಚಿಕ್ಕದು ಅಂತ ಖಾತ್ರಿ ಇಲ್ಲದಾಗ ದೊಡ್ಡದನ್ನೇ ಹಿಡಿಯಿರಿ. ದೊಡ್ಡದರಲ್ಲಿ ಚಿಕ್ಕದು ಪೂರ್ತಿ ಎರಡು ಸಲ ಕೂರುತ್ತದೆ, ನಷ್ಟವಿಲ್ಲ.

ಮಲ್ಲಿಗೆಮೊಗ್ಗು

ನನ್ನ ಪ್ರಶ್ನೆಯಿಂದ ಮೀಟರ್ ರಿಪೇರಿ ಆಯ್ತು ಅಂತ ಅಮ್ಮನಿಗೆ ಓದಿ ಹೇಳಿದೆ!

ಇನ್ನೊಂದು ಲೆಕ್ಕ ಅದೇ ಪುಟದಲ್ಲಿದೆ. ∫[0, 100π] x|sin x| dx. |sin x| ಪೀರಿಯಡ್ π. 0 ಯಿಂದ π ಗೆ x sin x ಇಂಟಿಗ್ರೇಟ್ ಮಾಡಿದ್ರೆ π. ನೂರರಿಂದ ಗುಣಿಸಿ 100π ಬರೆದೆ. ಕೀನಲ್ಲಿ 10000π ಇದೆ. ಇಲ್ಲೂ ಏನಾದರೂ ಕಡಿದುಹೋಗಿದೆಯಾ?

ಅಂಚು ಸೆರಗು

ಇಲ್ಲ, ಇಲ್ಲಿ ಫಂಕ್ಷನ್ ಪೀರಿಯಾಡಿಕ್ಕೇ ಅಲ್ಲ. |sin x| ಮರುಕಳಿಸುತ್ತೆ, ಆದರೆ ಮುಂದಿರೋ x ಬೆಳೀತಾ ಹೋಗುತ್ತೆ. ವಿನ್ಯಾಸ ಅದೇ, ಪ್ರತಿ ಸಲ ಜರಿ ದಪ್ಪ ಆಗ್ತಿದೆ ಅನ್ಕೋ. ಹಾಗಂತ ಒಂದು ಪೀರಿಯಡ್‌ಗೆ ಇಳಿಸೋ ದಾರಿ ಪೂರ್ತಿ ಮುಚ್ಚಿಲ್ಲ. kπ ಯಿಂದ (k+1)π ವರೆಗಿನ ತುಂಡಿನಲ್ಲಿ x = kπ + u ಅಂತ ಹಾಕು. u 0 ಯಿಂದ π ಗೆ ಹೋಗುತ್ತೆ, |sin x| ಹೋಗಿ sin u ಆಗುತ್ತೆ:

∫[0, π] (kπ + u) sin u du = 2kπ + π = (2k + 1)π

ಮೊದಲ ತುಂಡು π, ಎರಡನೇದು 3π, ಮೂರನೇದು 5π. ಬೆಸ ಸಂಖ್ಯೆಗಳ ಮೊತ್ತ! ಮೊದಲ ನೂರು ಬೆಸ ಸಂಖ್ಯೆ ಕೂಡಿಸಿದರೆ 100², ಅಲ್ಲಿಗೆ 10000π. ನೀನು ಮೊದಲ ತುಂಡಿನ ಬೆಲೆಯನ್ನೇ ಎಲ್ಲಕ್ಕೂ ಕೊಟ್ಟಿದ್ದೀಯ. ಇಂಟಿಗ್ರಲ್ ಒಳಗಿರೋದನ್ನ ಪೂರ್ತಿಯಾಗಿ ತಗೊಂಡು f(x + T) = f(x) ಹೌದಾ ಅಂತ ಒಂದು ಸಲ ಹಾಕಿ ನೋಡು, ಆಮೇಲೆ ಗುಣಿಸು.

ನೇರದಾರಿ

ಪರೀಕ್ಷೆಯ ದೃಷ್ಟಿಯಿಂದ ಒಂದು ಅನುಮಾನ. ನಮ್ಮ ಪಿಯು ಪಠ್ಯದಲ್ಲಿ ನಿಶ್ಚಿತ ಇಂಟಿಗ್ರಲ್‌ನ ಗುಣಗಳು P0 ಯಿಂದ P7 ವರೆಗೆ ಇವೆ. ಪೀರಿಯಡ್‌ನದ್ದು ಅದರಲ್ಲಿ ಇಲ್ಲ. ಬೋರ್ಡ್ ಪರೀಕ್ಷೆಯಲ್ಲಿ ನೇರವಾಗಿ "ಪೀರಿಯಡ್ π, ಆದ್ದರಿಂದ ನೂರು ಪಟ್ಟು" ಅಂತ ಬರೆದರೆ ಅಂಕ ಸಿಗುತ್ತಾ? ನನ್ನ ಪ್ರಕಾರ ಸಿಗಬೇಕು, ಎಲ್ಲರಿಗೂ ಗೊತ್ತಿರೋ ವಿಷಯ.

ಅಂಚು ಸೆರಗು

ನಾನಾದರೆ ಮಕ್ಕಳಿಗೆ ಎರಡು ಸಾಲು ಬರೆಯಿರಿ ಅಂತಲೇ ಹೇಳ್ತೀನಿ. ∫[kπ, (k+1)π] ಅನ್ನೋದರಲ್ಲಿ x = kπ + u ಹಾಕಿ, f ಬದಲಾಗೋದಿಲ್ಲ ಅಂತ ತೋರಿಸಿ, k = 0 ಯಿಂದ 99ರ ತನಕ ಕೂಡಿಸಿ. ಬದಲಿಕೆಯೂ ಲಿಮಿಟ್ ಒಡೆಯೋದೂ ಪಠ್ಯದಲ್ಲೇ ಇರೋ ಗುಣಗಳು. ಅರ್ಧ ನಿಮಿಷದ ಕೆಲಸ.

ಶಾಲ್ಮಲೆ ದಂಡೆ

ನಾನು ಮೌಲ್ಯಮಾಪನ ಮಾಡುವಾಗ ಕಾರಣ ಒಂದು ಸಾಲಿನಲ್ಲಿ ಹೇಳಿದ್ದರೂ ಪೂರ್ತಿ ಅಂಕ ಕೊಡುತ್ತಿದ್ದೆ. ಪಕ್ಕದ ಮೇಜಿನವರು ಕೊಡುತ್ತಿರಲಿಲ್ಲ. ಇದರಲ್ಲಿ ಎಲ್ಲರೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಮೇಡಂ ಹೇಳಿದ ಎರಡು ಸಾಲು ಬರೆಯುವುದೇ ಕ್ಷೇಮ. ಸಿಇಟಿಯಲ್ಲಿ ಆ ಗೋಜಿಲ್ಲ.

ಗಣಕರಂಗ

ಮೇಷ್ಟ್ರೇ, ಬಹಳ ದಿನದಿಂದ ತಲೆಯಲ್ಲಿರೋ ಒಂದನ್ನ ಇಲ್ಲೇ ಕೇಳ್ತೀನಿ. ಎರಡು ಪೀರಿಯಾಡಿಕ್ ಫಂಕ್ಷನ್ ಸೇರಿದಾಗ? |sin x| ಪೀರಿಯಡ್ π, |sin √2x| ಪೀರಿಯಡ್ π/√2. ಎರಡಕ್ಕೂ ಸಾಮಾನ್ಯ ಪೀರಿಯಡ್ ಇಲ್ಲವೇ ಇಲ್ಲ, ಯಾಕೆಂದರೆ √2 ಭಿನ್ನರಾಶಿಯಲ್ಲ. ಆಗ 0 ಯಿಂದ 100π ವರೆಗೆ ಒಂದು ಪೀರಿಯಡ್‌ಗೆ ಇಳಿಸೋದು ಹೇಗೆ?

ಶಾಲ್ಮಲೆ ದಂಡೆ

ಕೂಡಿದ್ದರೆ ಚಿಂತೆಯಿಲ್ಲ. |sin x| + |sin √2x| ಗೆ ಸಾಮಾನ್ಯ ಪೀರಿಯಡ್ ಹುಡುಕುವುದೇ ಬೇಡ. ಎರಡು ಇಂಟಿಗ್ರಲ್ ಮಾಡಿ ಒಡೆಯಿರಿ, ಒಂದೊಂದನ್ನೂ ಅದರದರ ಪೀರಿಯಡ್‌ಗೆ ಇಳಿಸಿ. ಮೊದಲನೆಯದಕ್ಕೆ 200. ಎರಡನೆಯದರಲ್ಲಿ 100√2 ಪೀರಿಯಡ್ ಆಗುತ್ತದೆ, ಅಂದರೆ 141 ಪೂರ್ತಿ ಪೀರಿಯಡ್ ಮತ್ತು ಒಂದು ತುಂಡು. ಆ ತುಂಡನ್ನು ಬೇರೆ ಇಂಟಿಗ್ರೇಟ್ ಮಾಡಬೇಕು.

ಗುಣಿಸಿದ್ದರೆ, |sin x| · |sin √2x| ಆದರೆ, ಹಾಗೆ ಒಡೆಯಲು ಬರುವುದಿಲ್ಲ. ಉದ್ದ ಬೆಳೆದಂತೆ ಸರಾಸರಿ ಎರಡರ ಸರಾಸರಿಗಳ ಗುಣಲಬ್ಧಕ್ಕೆ ಹೋಗುತ್ತದೆ: (2/π)², ಸುಮಾರು 0.405. ಹಾಗಾಗಿ 100π ಉದ್ದಕ್ಕೆ 127ರ ಆಸುಪಾಸು ನಿರೀಕ್ಷಿಸಬಹುದು. ಆದರೆ ಇದು ದೂರದ ಮಾತು. ಮೀಟರ್‌ನಲ್ಲಿ ಆದಂತೆ "ಉಳಿದ ತುಂಡು ಒಂದು ಪೀರಿಯಡ್‌ಗಿಂತ ಚಿಕ್ಕದು" ಅನ್ನುವ ಆಸರೆ ಇಲ್ಲಿಲ್ಲ, ಯಾಕೆಂದರೆ ಪೂರ್ತಿ ಅನ್ನುವ ಪೀರಿಯಡ್ಡೇ ಇಲ್ಲ. ಮಾಡ್ಯುಲಸ್ ತೆಗೆದು sin x · sin √2x ಅಂದರೆ ಎರಡು cos ಗಳ ವ್ಯತ್ಯಾಸವಾಗಿ ಸುಲಭವಾಗುತ್ತದೆ. ಮಾಡ್ಯುಲಸ್ ಇದ್ದಾಗ ಕಷ್ಟ.

ಗಣಕರಂಗ

ಹಾಗಾದರೆ 127ರಿಂದ ಎಷ್ಟು ದೂರ ಹೋಗಬಹುದು ಅಂತ ಕಾಗದದ ಮೇಲೆ ಕಟ್ಟಿಹಾಕೋಕೆ ಆಗುತ್ತಾ? √2 ಬದಲು ಬೇರೆ ಅಭಾಗಲಬ್ಧ ಸಂಖ್ಯೆ ಇಟ್ಟರೆ ಆ ದೂರ ಬದಲಾಗುತ್ತಾ?

ಶಾಲ್ಮಲೆ ದಂಡೆ

ಬದಲಾಗುತ್ತದೆ. ಆ ಸಂಖ್ಯೆ ಭಿನ್ನರಾಶಿಗಳಿಗೆ ಎಷ್ಟು ಹತ್ತಿರ ಸುಳಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. |sin| ಅನ್ನು ಫೂರಿಯೆ ಸರಣಿಯಾಗಿ ಬರೆದು ನಿನ್ನೆ ರಾತ್ರಿ ಕೂತಿದ್ದೆ; m − n√2 ಛೇದದಲ್ಲಿ ಬರುತ್ತದೆ, ಅದು ಚಿಕ್ಕದಾಗುವ ಕಡೆ ಕೈ ಜಾರುತ್ತಿದೆ. √2ಕ್ಕೆ ಒಂದು ಅಚ್ಚುಕಟ್ಟಾದ ಮಿತಿ ಯಾರಾದರೂ ಕಟ್ಟಿದ್ದರೆ ಹಂತಗಳೊಂದಿಗೆ ಇಲ್ಲಿ ಹಾಕಿ. ನಾನೂ ನಾಳೆ ಮತ್ತೆ ಕೂರುತ್ತೇನೆ.

ಮಲ್ಲಿಗೆಮೊಗ್ಗು

ಸರ್, ಎರಡನೇದರ ಆ ತುಂಡನ್ನ ನಾನು ಮಾಡಿ ನೋಡ್ತಿದ್ದೀನಿ. 141 × π/√2 ಯಿಂದ 100π ವರೆಗೆ. ಹಿಂದಕ್ಕೆ ಸರಿಸಿದರೆ 0 ಯಿಂದ 100π − 141π/√2. ಇದರಲ್ಲಿ |sin √2x| ಬರೀ sin √2x ಆಗುತ್ತೆ, ಸರಿ ತಾನೇ?

ಶಾಲ್ಮಲೆ ದಂಡೆ

ಸರಿ. ಒಂದು ಪೀರಿಯಡ್‌ಗಿಂತ ಚಿಕ್ಕದು, ಒಳಗೆ ಎಲ್ಲೂ ಮೈನಸ್ ಆಗುವುದಿಲ್ಲ. ಮುಂದೆ ಮಾಡಮ್ಮ, ಕಾಯುತ್ತಿದ್ದೇನೆ.